ಕೆಂಪು ಬಿದ್ದ ಲಾರಿ

ಲಾರಿ ಡ್ರೈವರುಗಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರೆಂದರೆ ಅಷ್ಟಕ್ಕಷ್ಟೆ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಲಾರಿ ಆಫೀಸು. ಒಂಬತ್ತು ವರ್ಷದಿಂದ ಅಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಗೋವಿನಕೋವಿಯಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ. ನಡುವಿನ ಹೊತ್ತೆಲ್ಲ ಹನ್ನೊಂದು ಲಾರಿಗಳು ಎಷ್ಟು ಓಡಿದವು, ಎಷ್ಟು ಡೀಸೆಲ್ ಕುಡಿದವು ಅನ್ನುವುದೇ ನನ್ನ ಧ್ಯಾನ. ಡ್ರೈವರುಗಳು ಬೆನ್ನ ಹಿಂದೆ ನನ್ನನ್ನು ‘ಕೆಂಪು ಪೆನ್ನು’ ಅಂತ ಕರೆಯುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ನಾನು ಸೇರುವ ಮೊದಲು ಅಲ್ಲಿ ಲೆಕ್ಕವೆಂಬುದೇ ಇರಲಿಲ್ಲ. ಬಂಕಿನವನು ಕೊಟ್ಟ ಚೀಟಿಗಳನ್ನು ಒಂದು ಮೊಳೆಗೆ ಚುಚ್ಚಿಡುತ್ತಿದ್ದರು, ಅಷ್ಟೇ. ನಾನು ಬಂದು ಕಟ್ಟುನಿಟ್ಟು ಮಾಡಿದೆ. ಡೀಸೆಲ್ ಹಾಕಿಸಿದಾಗಲೆಲ್ಲ ಟ್ಯಾಂಕು ಬಾಯಿಮಟ್ಟ ತುಂಬಬೇಕು. ಅರೆಬರೆ ಹಾಕಿಸಿದರೆ ಲೆಕ್ಕ ಸಿಗುವುದಿಲ್ಲ, ಟ್ಯಾಂಕಿನಲ್ಲಿ ಮೊದಲೇ ಎಷ್ಟಿತ್ತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ತುಂಬಿಸಿದ ಕೂಡಲೇ ಚೀಟಿಯ ಮೇಲೆ ಲಾರಿ ನಂಬರು, ಎಷ್ಟು ಲೀಟರು, ಮೀಟರಿನಲ್ಲಿ ಎಷ್ಟು ಕಿಲೋಮೀಟರು ಅಂತ ಬರೆಯಬೇಕು. ಒಂದು ಸಲ ತುಂಬಿಸಿದಾಗಿನಿಂದ ಇನ್ನೊಂದು ಸಲ ತುಂಬಿಸುವವರೆಗೆ ಓಡಿದ ಕಿಲೋಮೀಟರನ್ನು, ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಮೈಲೇಜು. ಅದರಲ್ಲಿ ಮಂತ್ರ ತಂತ್ರ ಏನಿಲ್ಲ.

ಹೋಲಿಸುವಾಗಲೂ ನಾನು ಅನ್ಯಾಯ ಮಾಡುತ್ತಿರಲಿಲ್ಲ. ಚನ್ನಗಿರಿಯಿಂದ ಅಡಿಕೆ ಚೀಲ ಹೊರುವ ಸಣ್ಣ ಲಾರಿಯನ್ನೂ ಜಗಳೂರು ಕಡೆಯಿಂದ ಮೆಕ್ಕೆಜೋಳ ತರುವ ಹತ್ತು ಗಾಲಿಯ ಲಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಲೆಕ್ಕವಲ್ಲ, ಹುಡುಗಾಟ. ಒಂದೇ ಬಗೆಯ ಲಾರಿ, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಲೋಡು ಇರುವವುಗಳನ್ನು ಒಂದು ಗುಂಪು ಮಾಡಿ ಸರಾಸರಿ ತೆಗೆಯುತ್ತಿದ್ದೆ. ಆ ಸರಾಸರಿಗಿಂತ ನೂರಕ್ಕೆ ಹತ್ತರಷ್ಟು ಕೆಳಗೆ ಹೋದ ಲಾರಿಯ ಸಾಲಿಗೆ ಕೆಂಪು ಬಣ್ಣ. ಕಂಪ್ಯೂಟರಿನಲ್ಲಿ ತೆಗೆದ ತಿಂಗಳ ವರದಿಯ ಒಂದು ಪ್ರತಿ ಸಾಹುಕಾರರಿಗೆ, ಇನ್ನೊಂದು ಪ್ರತಿ ಅಂಗಳದ ಗೋಡೆಗೆ. ಗೋಡೆಗೆ ಅಂಟಿಸುವ ಬುದ್ಧಿ ನನ್ನದೇ. ನಾಲ್ಕು ಜನರ ಕಣ್ಣಿಗೆ ಬಿದ್ದರೆ ಕೈ ಬಿಗಿಯಾಗುತ್ತದೆ ಅಂತ ನಾನೇ ಸಾಹುಕಾರರಿಗೆ ಹೇಳಿದ್ದೆ.

ಮೆಕ್ಕೆಜೋಳದ ಗುಂಪಿನಲ್ಲಿ ಹತ್ತು ಗಾಲಿಯ ಲಾರಿಗಳು ನಾಲ್ಕು. ಅವುಗಳಲ್ಲಿ ಹಳೆಯದನ್ನು ಓಡಿಸುತ್ತಿದ್ದವನು ಜಗಳೂರಿನ ಪಕ್ಕದ ಹಳ್ಳಿಯವನು. ಐವತ್ತರ ಹತ್ತಿರದ ವಯಸ್ಸು. ಮಾತು ಕಡಿಮೆ, ಇದ್ದ ಮಾತೂ ಒರಟು. ಚೀಟಿ ಕೊಡುವಾಗ ನನ್ನ ಮುಖ ನೋಡದೆ ಮೇಜಿನ ಮೇಲೆ ಒಗೆದು ಹೋಗುತ್ತಿದ್ದ. ಆ ಒಗೆಯುವ ರೀತಿಗೇ ನನ್ನ ಮೈ ಉರಿಯುತ್ತಿತ್ತು. ಆದರೆ ಅವನ ಲಾರಿ ಲೀಟರಿಗೆ ನಾಲ್ಕು ಪಾಯಿಂಟ್ ಒಂದರ ಆಸುಪಾಸು ಕೊಡುತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ದೀಪಾವಳಿ ಕಳೆದ ತಿಂಗಳು ಆ ಲಾರಿ ಒಮ್ಮೆಗೇ ಮೂರು ಪಾಯಿಂಟ್ ನಾಲ್ಕಕ್ಕೆ ಇಳಿಯಿತು. ಉಳಿದ ಮೂರು ಲಾರಿಗಳು ಇದ್ದಲ್ಲೇ ಇದ್ದವು. ಅದೇ ತಿಂಗಳ ಮೊದಲಲ್ಲಿ ಅದರ ಮೀಟರು ಕೆಟ್ಟು ದಾವಣಗೆರೆಯಲ್ಲಿ ಬೇರೆ ಹಾಕಿಸಿದ್ದಾಗಿತ್ತು. ಆದ್ದರಿಂದ ಹಳೇ ಮೀಟರಿನ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ ಎರಡನ್ನೂ ತೆಗೆದು, ಜೋಡಿಸಿದ್ದು ಸರಿಯಿದೆಯೇ ಅಂತ ಎರಡು ಸಲ ನೋಡಿದೆ. ಸರಿಯಿತ್ತು. ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಡೀಸೆಲ್ ಪೈಪು ಸೋರುತ್ತಿದೆಯೇ, ಏರ್ ಫಿಲ್ಟರು ಕಟ್ಟಿಕೊಂಡಿದೆಯೇ, ಬ್ರೇಕು ಹಿಡಿದುಕೊಂಡಿದೆಯೇ, ಟೈರಿನ ಗಾಳಿ ಇಳಿದಿದೆಯೇ ಅಂತ ಒಂದೊಂದಾಗಿ ನೋಡಿ ಕೈ ಒರೆಸಿಕೊಂಡ. ಗಾಡಿ ಸರಿಯಾಗಿಯೇ ಇದೆ ಅಂದ. ಗಾಡಿ ಸರಿಯಿದ್ದರೆ ಉಳಿದದ್ದು ಯಾರು? ಲಾರಿಯ ಸಾಲಿಗೆ ಕೆಂಪು ಬಳಿದು ಗೋಡೆಗೆ ಅಂಟಿಸಿದೆ.

ಎರಡನೇ ತಿಂಗಳೂ ಮೂರು ಪಾಯಿಂಟ್ ನಾಲ್ಕು. ಅಷ್ಟೇ ಅಲ್ಲ, ಅವನ ಒಟ್ಟು ಕಿಲೋಮೀಟರೂ ಉಳಿದವರಿಗಿಂತ ಕಡಿಮೆ. ಓಡಿದ್ದು ಕಡಿಮೆ, ಕುಡಿದದ್ದು ಉಳಿದವರಷ್ಟೇ. ವರದಿಯ ಕೆಳಗೆ ಅದನ್ನೂ ಒಂದು ಸಾಲು ಬರೆದೆ. ಬರೆಯುವಾಗ ನನಗೆ ಹಾಯೆನಿಸಿತು. ಚೀಟಿ ಒಗೆಯುವ ಮನುಷ್ಯ ಕೊನೆಗೂ ಕೈಗೆ ಸಿಕ್ಕಿದ ಅನ್ನುವ ಹಾಯಿ ಅದು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹಾಗೆಯೇ.

ಅವನನ್ನು ಒಳಗೆ ಕರೆದು, ಜಗಳೂರಿನ ದಾರಿಯಲ್ಲಿ ಎಲ್ಲಿ ಟ್ಯಾಂಕಿಗೆ ಪೈಪು ಇಳಿಸಿ ಡೀಸೆಲ್ ಮಾರುತ್ತೀರಿ ಅಂತ ನೇರವಾಗಿಯೇ ಕೇಳಿದೆ. ಮೊದಲ ಬಾರಿಗೆ ಅವನು ನನ್ನ ಮುಖ ನೋಡಿದ.

“ಇಂಜಿನ್ ಅದೇ ಐತೆ, ದಾರಿ ಅದೇ ಐತೆ, ನನ್ನ ಕಾಲೂ ಅದೇ ಐತೆ ಮೇಡಂ. ಬದಲಾಗಿರಾದು ನಿಮ್ಮ ಕಡೆ ಏನೈತೋ ನೋಡ್ಕಳ್ರಿ.”

ನಮ್ಮ ಕಡೆ ಏನೂ ಬದಲಾಗಿಲ್ಲ, ಕಂಪ್ಯೂಟರಿಗೆ ನಿಮ್ಮ ಮೇಲೆ ದ್ವೇಷವಿಲ್ಲ ಅಂದೆ. ಅದಕ್ಕಿಲ್ಲ, ನಿಮಗೈತೆ ಅಂತ ಹೇಳಿ ಅವನು ಹೊರಗೆ ಹೋದ. ಅವನ ಧಿಮಾಕಿಗೆ ನನಗೆ ನಖಶಿಖಾಂತ ಉರಿದುಹೋಯಿತು. ಎರಡೂ ತಿಂಗಳ ಹಾಳೆ ಹಿಡಿದುಕೊಂಡು ಸೀದಾ ಸಾಹುಕಾರರ ಹತ್ತಿರ ಹೋದೆ.

ನಮ್ಮ ಅಂಗಳದಲ್ಲಿ ಒಂದು ಪದ್ಧತಿಯಿತ್ತು. ಯಾರ ಮೇಲಾದರೂ ಕಳ್ಳತನದ ಅನುಮಾನ ಬಂದರೆ ಸೋಮವಾರ ಬೆಳಿಗ್ಗೆ, ಲಾರಿಗಳಿಗೆ ಊದುಬತ್ತಿ ಹಚ್ಚಿದ ಮೇಲೆ, ಎಲ್ಲ ಡ್ರೈವರುಗಳ ಎದುರಿಗೆ ಅವನು ತನ್ನ ಲಾರಿಯ ಸ್ಟೇರಿಂಗು ಮುಟ್ಟಿ ಆಣೆ ಮಾಡಬೇಕು. ಮಾಡಿದರೆ ಮಾತು ಅಲ್ಲಿಗೆ ಮುಗಿಯಿತು, ಸಾಹುಕಾರರು ಮತ್ತೆ ಕೆದಕುತ್ತಿರಲಿಲ್ಲ. ಅನ್ನ ಕೊಡುವ ಸ್ಟೇರಿಂಗು ಹಿಡಿದು ಯಾವ ಡ್ರೈವರೂ ಸುಳ್ಳು ಹೇಳುವುದಿಲ್ಲ ಅನ್ನುವುದು ಸಾಹುಕಾರರ ನಂಬಿಕೆ. ಡ್ರೈವರುಗಳೂ ಹಾಗೆಯೇ ನಂಬಿದ್ದರು. ನನಗೆ ಅಂಥದ್ದರಲ್ಲಿ ನಂಬಿಕೆಯಿರಲಿಲ್ಲ, ಆದರೆ ಆ ಸೋಮವಾರ ನೋಡಬೇಕೆಂದು ಬಾಗಿಲಲ್ಲಿ ನಿಂತಿದ್ದೆ.

ಸಾಹುಕಾರರು ಕ್ಯಾಬಿನ್ನಿನ ಬಾಗಿಲು ತೆರೆಸಿ, ಹತ್ತಿ ಮುಟ್ಟಪ್ಪ ಅಂದರು. ಅವನು ಕದಲಲಿಲ್ಲ. ಇನ್ನೊಮ್ಮೆ ಅಂದರು. ಹಿರಿಯ ಡ್ರೈವರೊಬ್ಬ ಪಕ್ಕಕ್ಕೆ ಬಂದು, ಮುಟ್ಟಿಬಿಡು ಮಾರಾಯ, ಕತೆ ಮುಗೀಲಿ ಅಂತ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

“ನಾನು ಮುಟ್ಟಲ್ಲ,” ಅಂದ ಅವನು. ಯಾಕೆ ಅಂತ ಸಾಹುಕಾರರು ಕೇಳಿದರೆ ಕ್ಯಾಬಿನ್ನಿನ ಬಾಗಿಲನ್ನು ತಾನೇ ಮುಚ್ಚಿದ.

ಅಂಗಳದಲ್ಲಿ ಗುಸುಗುಸು ಎದ್ದಿತು. ಅಷ್ಟು ಹೊತ್ತು ಅವನ ಕಡೆಗಿದ್ದವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮುಟ್ಟದಿದ್ದರೆ ಕದ್ದ ಹಾಗೆಯೇ. ಸಾಹುಕಾರರು ಕೈ ಚಾಚಿದರು. ಅವನು ಕೀ ಕೊಟ್ಟು, ಕ್ಯಾಬಿನ್ನಿನಲ್ಲಿದ್ದ ತನ್ನ ಸಾಮಾನನ್ನೂ ತೆಗೆದುಕೊಳ್ಳದೆ ಗೇಟು ದಾಟಿ ಹೋದ. ಡೀಸೆಲ್ ಕಳ್ಳ ಅನ್ನುವ ಮಾತು ಅವನಿಗಿಂತ ಮೊದಲೇ ಜಗಳೂರು ಮುಟ್ಟಿರಬೇಕು. ಲಾರಿ ಲೈನಿನಲ್ಲಿ ಸುದ್ದಿಗೆ ಬ್ರೇಕಿಲ್ಲ. ಮುಂದಿನ ವಾರಗಳಲ್ಲಿ ಇಬ್ಬರು ಬೇರೆ ಲಾರಿ ಮಾಲೀಕರು ನಮ್ಮ ಆಫೀಸಿಗೆ ಫೋನು ಮಾಡಿ ಅವನ ಬಗ್ಗೆ ವಿಚಾರಿಸಿದರು. ಎರಡೂ ಫೋನಿಗೆ ಉತ್ತರ ಕೊಟ್ಟವಳು ನಾನೇ. ಎರಡು ಸಲವೂ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ.

ಲಾರಿಗೆ ಹೊಸ ಡ್ರೈವರು ಬಂದ. ತ್ಯಾವಣಿಗೆಯವನು, ಸಾಹುಕಾರರಿಗೆ ದೂರದ ಸಂಬಂಧಿ, ನಂಬಿಕಸ್ಥ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ ಅದರ ಕೀಯನ್ನು ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡೆ. ತಿಂಗಳಿಡೀ ಪ್ರತಿ ಸಲವೂ ಇಲ್ಲಿಯ ಬಂಕಿನಲ್ಲಿ, ನನ್ನ ಕಣ್ಣೆದುರಿಗೇ ತುಂಬಿಸಿದ್ದು. ತಿಂಗಳ ಕೊನೆಗೆ ವರದಿ ತೆಗೆದೆ. ಮೂರು ಪಾಯಿಂಟ್ ನಾಲ್ಕು.

ಹಾಳೆಯನ್ನು ಸಾಹುಕಾರರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿ, ಗಾಡಿಗೆ ವಯಸ್ಸಾಯಿತಮ್ಮ, ಇಂಜಿನ್ ಕೆಲಸ ಮಾಡಿಸಬೇಕು ಅಂದರು. ಅಷ್ಟೇ. ಸ್ಟೇರಿಂಗಿಲ್ಲ, ಆಣೆಯಿಲ್ಲ. ಡ್ರೈವರು ಅವನಾಗಿದ್ದಾಗ ಕಳ್ಳತನ, ಸಂಬಂಧಿಯಾದ ಕೂಡಲೇ ವಯಸ್ಸು! ನನಗೆ ಎಲ್ಲಿತ್ತೋ ಸಿಟ್ಟು ಬಂತು. ಅವರ ಮೇಲೆ ಬಂದದ್ದು ಸ್ವಲ್ಪ, ನನ್ನ ಮೇಲೆ ಬಂದದ್ದು ಹೆಚ್ಚು. ಯಾಕೆಂದರೆ ಆ ತಿಂಗಳು ಕೆಂಪು ಬಳಿಯಲು ನನ್ನ ಕೈಯೂ ಹಿಂದೆ ಮುಂದೆ ನೋಡಿತ್ತು.

ಮರುದಿನ ಬೆಳಿಗ್ಗೆ ಅದೇ ಲಾರಿ ಹತ್ತಿದೆ. ಜಗಳೂರಿಗೆ ಖಾಲಿ ಹೊರಟಿತ್ತು. ಒಂಬತ್ತು ವರ್ಷದಲ್ಲಿ ನಾನು ಲಾರಿಯೊಳಗೆ ಕೂತದ್ದು ಅದೇ ಮೊದಲು. ಹೊಸ ಡ್ರೈವರು ಹಲ್ಲು ಕಿರಿದು, ಮೇಡಂಗೆ ನನ್ನ ಮೇಲೂ ಅನುಮಾನವೇ ಅಂದ. ಎಲ್ಲರ ಮೇಲೂ ಇದೆ, ನೀವು ಗಾಡಿ ಓಡಿಸಿ ಅಂದೆ. ಹೊರಡುವಾಗ ಮೀಟರಿನ ಅಂಕಿ ಬರೆದುಕೊಂಡೆ, ಜಗಳೂರಿನ ದಲ್ಲಾಳಿ ಗೋದಾಮಿನ ಎದುರು ನಿಂತಾಗ ಮತ್ತೆ ಬರೆದುಕೊಂಡೆ. ಕಳೆದು ನೋಡಿದೆ, ನಂಬಲಾಗದೆ ಇನ್ನೊಮ್ಮೆ ಕಳೆದೆ. ಉಳಿದ ಮೂರು ಲಾರಿಗಳ ಟ್ರಿಪ್ ಶೀಟಿನಲ್ಲಿ ಇದೇ ದಾರಿಗೆ ಬರೆದಿರುತ್ತಿದ್ದ ಕಿಲೋಮೀಟರು ನನಗೆ ಬಾಯಿಪಾಠ. ಇದು ಅದಕ್ಕಿಂತ ಹದಿನೈದು ಕಿಲೋಮೀಟರ್ ಕಡಿಮೆ ತೋರಿಸುತ್ತಿತ್ತು. ಆಫೀಸಿನಿಂದ ಗೋದಾಮಿಗೆ ಒಳದಾರಿ ಹಿಡಿದಿರಲಿಲ್ಲ. ನಾನೇ ಪಕ್ಕದಲ್ಲಿ ಕೂತಿದ್ದೆನಲ್ಲ.

ವಾಪಸು ಬರುವಾಗ ಕಿಟಕಿಗೆ ಅಂಟಿಕೊಂಡು ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸಿದೆ. ಮೂವತ್ತು ಕಿಲೋಮೀಟರು ಕಲ್ಲುಗಳ ಪ್ರಕಾರ ದಾಟಿದಾಗ ಮೀಟರು ಓಡಿದ್ದು ಇಪ್ಪತ್ತೈದು. ಲಾರಿ ಆರು ಕಿಲೋಮೀಟರು ಹೋದರೆ ಮೀಟರು ಐದು ಅನ್ನುತ್ತಿತ್ತು. ಮೂರು ಪಾಯಿಂಟ್ ನಾಲ್ಕನ್ನು ಆರರಿಂದ ಗುಣಿಸಿ ಐದರಿಂದ ಭಾಗಿಸಿದೆ. ನಾಲ್ಕು ಪಾಯಿಂಟ್ ಸೊನ್ನೆ ಎಂಟು. ಹಳೇ ಡ್ರೈವರು ಯಾವತ್ತೂ ಕೊಡುತ್ತಿದ್ದ ಮೈಲೇಜು.

ದಾವಣಗೆರೆಯಲ್ಲಿ ಲಾರಿ ನಿಲ್ಲಿಸಿ, ಮೀಟರು ಹಾಕಿದ್ದ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಹಳೇ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಬಂದು ಮೀಟರನ್ನು ತಿರುಗಿಸುತ್ತದಂತೆ. ಆ ಕೇಬಲ್ ಎಷ್ಟು ಸುತ್ತು ತಿರುಗಿದರೆ ಒಂದು ಕಿಲೋಮೀಟರು ಅನ್ನುವುದು ಒಂದೊಂದು ಮಾದರಿಗೆ ಒಂದೊಂದು. ಬೇರೆ ಮಾದರಿಯ ಮೀಟರು ತಂದು ಕೂರಿಸಿದರೆ ಅಂಕಿ ಓಡುತ್ತದೆ, ಆದರೆ ತಪ್ಪು ಓಡುತ್ತದೆ. ಹಾಗಿದ್ದರೆ ಯಾಕೆ ಹಾಕಿದಿರಿ ಅಂತ ರೇಗಿದೆ.

“ಅವತ್ತು ಫೋನ್ನಾಗೆ ಕೇಳಿದ್ನಲ್ರೀ ಮೇಡಂ,” ಅಂದ. “ಇದೇ ಮಾಡೆಲ್‌ದು ಬೇಕಂದ್ರೆ ಎರಡು ದಿನ ಆಗತೈತೆ ಅಂದೆ. ಗುಜರಿದು ಯಾವ್ದಾರ ಹಾಕಿ ಕಳ್ಸು, ಗಾಡಿ ನಿಲ್ಲಂಗಿಲ್ಲ ಅಂದ್ರಿ.”

ನಾನೇ ಅಂದಿದ್ದೆ. ಅಂದದ್ದು ನೆನಪಿತ್ತು. ಬಿಲ್ಲಿನ ಮೇಲೆ ‘ಹಳೇ ಮೀಟರ್’ ಅಂತ ಇದ್ದದ್ದನ್ನು ನೋಡಿ ಸಹಿ ಹಾಕಿದವಳೂ ನಾನೇ. ಅಂಕಿ ಜೋಡಿಸಿದ್ದು ಸರಿಯಿದೆಯೇ ಅಂತ ಎರಡೆರಡು ಸಲ ನೋಡಿದ ಮಹರಾಯ್ತಿ, ಅಂಕಿ ಎಣಿಸುವ ಯಂತ್ರ ಸರಿಯಿದೆಯೇ ಅಂತ ಒಂದು ಸಲವೂ ನೋಡಿರಲಿಲ್ಲ. ಪ್ರತಿ ಟ್ರಿಪ್ಪಿನಲ್ಲೂ ಹದಿನೈದು ಕಿಲೋಮೀಟರು ಕಡಿಮೆ ಅಂತ ಶೀಟುಗಳು ಮೂರು ತಿಂಗಳಿಂದ ನನ್ನ ಮೇಜಿನ ಮೇಲೇ ಬಿದ್ದಿದ್ದವು. ನಾನು ಅವನ್ನು ಬರೀ ಕೂಡಿಸಿ, ಕಡಿಮೆ ಓಡಿದ್ದಾನೆ ಅಂತ ಅವನ ಮೇಲೆಯೇ ಹೊರಿಸಿದ್ದೆ.

ಸಾಹುಕಾರರಿಗೆ ಹೇಳಿದರೆ ಅವರು ಮೀಟರು ಬದಲಾಯಿಸಿ ಸುಮ್ಮನಿರು ಅಂದರು. ಆದದ್ದು ಆಗಿಹೋಯಿತು, ಬೇಕಿದ್ದರೆ ಅವನನ್ನು ಕೆಲಸಕ್ಕೆ ಬಾ ಅನ್ನು, ಆದರೆ ಅಂಗಳದಲ್ಲಿ ಇದನ್ನೆಲ್ಲ ಎತ್ತಬೇಡ, ನಾಳೆಯಿಂದ ಒಬ್ಬ ಡ್ರೈವರೂ ವರದಿಗೆ ಹೆದರುವುದಿಲ್ಲ ಅಂತ ಎಚ್ಚರಿಸಿದರು. ನಾನು ಹೂಂ ಅಂದೆ.

ಭಾನುವಾರ ಬಸ್ಸು ಹತ್ತಿ ಅವನ ಊರಿಗೆ ಹೋದೆ. ಮನೆ ಮುಂದೆ ಅವನ ಹೆಂಡತಿ ಈರುಳ್ಳಿ ಹಸನು ಮಾಡುತ್ತಿದ್ದಳು. ಎಲ್ಲಿಂದ ಬಂದಿದ್ದೇನೆ ಅಂತ ಹೇಳಿದ ಕೂಡಲೇ ಮುಖ ಬಿಗಿಯಿತು. ಆದರೂ ಎದ್ದು ಒಳಗಿಂದ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟಳು.

“ಕುಡೀರಿ. ಅಳತೆ ಮಾಡಿ ತಂದಿಲ್ಲ,” ಅಂದಳು.

ಕುಡಿದೆ. ಅವನು ಯಾರದೋ ಹೊಲದಲ್ಲಿ ಜೋಳ ಬಿಡಿಸುವ ಮಿಷನ್ನಿನ ಕೆಲಸಕ್ಕೆ ಹೋಗಿದ್ದವನು, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಬಂದ. ಒಂದು ತಿಂಗಳಿಗೂ ಹೆಚ್ಚು ಕಾಲದಿಂದ ಯಾರೂ ಅವನ ಕೈಗೆ ಸ್ಟೇರಿಂಗು ಕೊಟ್ಟಿರಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಮೀಟರು, ಕಲ್ಲು, ನನ್ನ ಫೋನು, ಯಾವುದನ್ನೂ ಬಿಡಲಿಲ್ಲ. ತಪ್ಪಾಯಿತು ಅಂದೆ. ಆ ಮಾತು ನನ್ನ ಬಾಯಲ್ಲಿ ಬರುವುದು ಅಪರೂಪ, ಅದಕ್ಕೇ ಏನೋ ಸರಿಯಾಗಿ ಬರಲಿಲ್ಲ. ಅವತ್ತು ಸ್ಟೇರಿಂಗು ಮುಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವಲ್ಲ ಅಂತ ಬಾಯಿ ತಪ್ಪಿ ಅಂದುಬಿಟ್ಟೆ.

“ಮುಟ್ಟಿದ್ರೂ ಮುಂದಿನ ತಿಂಗ್ಳು ನೀವು ಕೆಂಪೇ ಬಳೀತಿದ್ರಿ,” ಅಂದ ಅವನು. “ಆವಾಗ ಡೀಸೆಲ್ ಕಳ್ಳನೂ ಆಗ್ತಿದ್ದೆ, ಸುಳ್ಳು ಆಣೆ ಮಾಡಿದವನೂ ಆಗ್ತಿದ್ದೆ.”

ಅದು ನಿಜ. ನಾನು ಖಂಡಿತ ಬಳಿಯುತ್ತಿದ್ದೆ. ಸಾಹುಕಾರರು ಕೆಲಸಕ್ಕೆ ಬಾ ಅಂದಿದ್ದಾರೆ ಅಂತ ಹೇಳಿದೆ. ಅವನು ತಲೆಯ ಮೇಲಿನ ಟವೆಲ್ಲು ತೆಗೆದು ಹೊಟ್ಟು ಕೊಡವಿದ.

“ನಾನು ಕದ್ದಿಲ್ಲ ಅಂತ ನನಗೆ ಹೇಳಾಕೆ ಇಷ್ಟು ದೂರ ಬಂದ್ರಾ? ಅದು ನನಗೆ ಗೊತ್ತೈತೆ. ಗೊತ್ತಿಲ್ಲದೋರು ನಿಮ್ಮ ಅಂಗಳದಾಗೆ ಅದಾರೆ, ಅವರಿಗೆ ಹೇಳ್ರಿ. ಹೇಳೋ ದಿನ ನಾನೂ ಬರ್ತೀನಿ.”

ಕುಳಿತುಕೊಳ್ಳಿ ಅಂತ ಅವನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಬಸ್ಸಿನ ಹಾದಿಯುದ್ದಕ್ಕೂ ನನಗೆ ಅವನ ಮೇಲೆ ಸಿಟ್ಟೇ ಇತ್ತು. ಅಷ್ಟು ದೂರ ಹೋದವಳನ್ನು ಹೀಗೆ ನಡೆಸಿಕೊಂಡನಲ್ಲ ಅಂತ. ಹೊನ್ನಾಳಿ ಸೇತುವೆ ದಾಟುವ ಹೊತ್ತಿಗೆ ಆ ಸಿಟ್ಟಿಗೆ ನಿಲ್ಲಲು ಜಾಗವಿಲ್ಲ ಅಂತ ನನಗೇ ಅನ್ನಿಸಿತು. ಇಳಿದವಳೇ ಅವನಿಗೆ ಫೋನು ಮಾಡಿ ನಾಳೆಯೇ ಬನ್ನಿ ಅಂದೆ. ರಾತ್ರಿ ತಂಗುವ ಹಾಗೆ ಬಂದು ಬೆಳಿಗ್ಗೆ ಹಾಜರಿರುತ್ತೇನೆ ಅಂದ.

ಸೋಮವಾರ ಊದುಬತ್ತಿಯ ಹೊಗೆ ಆರುವ ಮೊದಲೇ ಅಂಗಳಕ್ಕೆ ಇಳಿದೆ. ಅವನು ಗೇಟಿನ ಹತ್ತಿರ ನಿಂತಿದ್ದ, ಒಗೆದ ಬಿಳಿ ಅಂಗಿ ಹಾಕಿಕೊಂಡು. ಅವನನ್ನು ಕಂಡು ಡ್ರೈವರುಗಳು ಮಾತು ನಿಲ್ಲಿಸಿದರು. ನನ್ನನ್ನು ಕಂಡು ಸಾಹುಕಾರರು ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಗೋಡೆಯ ಮೇಲಿದ್ದ ಎರಡು ತಿಂಗಳ ಹಾಳೆಗಳನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, ಇವರು ಒಂದು ಹನಿ ಡೀಸೆಲ್ಲೂ ಕದ್ದಿಲ್ಲ, ಮೀಟರು ಕಡಿಮೆ ಓಡುತ್ತಿತ್ತು, ಆ ಮೀಟರು ಹಾಕಿಸಿದವಳು ನಾನು, ನೋಡದೆ ಕೆಂಪು ಬಳಿದವಳೂ ನಾನು ಅಂತ ಗಟ್ಟಿಯಾಗಿ ಹೇಳಿದೆ. ಫೋನು ಮಾಡಿದ್ದ ಆ ಇಬ್ಬರು ಮಾಲೀಕರಿಗೂ ಇದನ್ನೇ ಇವತ್ತು ಹೇಳುತ್ತೇನೆ ಅಂದೆ. ಹಿಂದಿನಿಂದ ಯಾರೋ, ಹೋದ ವರ್ಷ ನನಗೂ ಬಳಿದಿದ್ದರಲ್ಲ, ಅದು ಯಾವ ಮೀಟರು ಅಂತ ಕೇಳಿದ. ಯಾರೂ ನಗಲಿಲ್ಲ. ನೋಡುತ್ತೇನೆ ಅಂದೆ.

ಸಾಹುಕಾರರ ಮುಖ ಕೆಂಡವಾಗಿತ್ತು. ಆದರೂ ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿಲ್ಲವೆಂದು ತಿಳಿದು, ತ್ಯಾವಣಿಗೆಯವನಿಂದ ಕೀ ಇಸಿದುಕೊಂಡು ಅವನತ್ತ ಚಾಚಿದರು. ಹೋಗಲಿ ಬಿಡಪ್ಪ, ಗಾಡಿ ತಗೊ, ಜಗಳೂರಿನಿಂದ ಲೋಡು ತರಬೇಕಿದೆ ಅಂದರು.

ಅವನು ಕೀ ತೆಗೆದುಕೊಂಡ. ಕ್ಯಾಬಿನ್ನು ಹತ್ತಿ ಸೀಟಿನ ಹಿಂದಿನಿಂದ ತನ್ನ ಕಂಬಳಿ, ಒಂದು ಜೊತೆ ಚಪ್ಪಲಿ, ಸ್ಟೀಲಿನ ಡಬ್ಬಿ ತೆಗೆದು ಒಂದು ಚೀಲಕ್ಕೆ ತುಂಬಿದ. ಸೀಟಿನ ಮೇಲಿನ ದೂಳನ್ನು ಕೈಯಿಂದ ಒಮ್ಮೆ ಒರೆಸಿದ. ಇಳಿದು ಬಂದು, ಸಾಹುಕಾರರನ್ನು ದಾಟಿ ನನ್ನ ಹತ್ತಿರ ನಿಂತು, ಕೀಯನ್ನು ಒಗೆಯದೆ ನನ್ನ ಅಂಗೈ ಮೇಲೆ ಇಟ್ಟ.

“ಅವತ್ತು ನೀವು ಬಿಡಿಸಿದ್ರಿ ಮೇಡಂ. ಇವತ್ತು ನಾನು ಬಿಡ್ತಾ ಇದೀನಿ. ಎಲ್ರೂ ನೋಡ್ಲಿ ಅಂತಾನೇ ಬಂದೆ.”

ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದ. ಅವತ್ತು ಹಿಂದೆ ಸರಿದಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಅವನ ಜೊತೆ ರಸ್ತೆಯವರೆಗೂ ಹೋದರು. ಅಂಗಳದಲ್ಲಿ ಉಳಿದವರು ಸಾಹುಕಾರರು, ತ್ಯಾವಣಿಗೆಯವನು ಮತ್ತು ನಾನು. ಕೀಯನ್ನು ನಾನು ಯಾರಿಗೂ ಕೊಡಲಿಲ್ಲ. ಆ ಲಾರಿ ಅವತ್ತು ಜಗಳೂರಿಗೆ ಹೋಗಲಿಲ್ಲ.